ಹೈಲೈಟ್‌ಗೆ ಯಾವ ಹೆಸರು? ಊಟ, ಸುತ್ತಾಟ, ಮನೆಮಂದಿ ಆಲ್ಬಮ್‌ಗಳಿಗೆ ಒಂದೆರಡು ಪದದ ಶೀರ್ಷಿಕೆಗಳ ಹೋಲಿಕೆ

ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ. ಉಳಿಸಿಕೊಳ್ಳಬೇಕು ಅನಿಸಿದ್ದನ್ನು ಪ್ರೊಫೈಲಿನಲ್ಲೇ ದುಂಡನೆಯ ಆಲ್ಬಮ್ಮಾಗಿ ಇಟ್ಟುಕೊಳ್ಳುವ ಹೈಲೈಟ್ ಸೌಲಭ್ಯ ಬಂದದ್ದು 2017ರ ಡಿಸೆಂಬರಿನಲ್ಲಿ. ಆ ದುಂಡು ಚಿತ್ರದ ಕೆಳಗೆ ಒಂದೇ ಸಾಲು ಹೆಸರಿಗೆ ಜಾಗ. ಏನೂ ಬರೆಯದೆ ಬಿಟ್ಟರೆ ಆ್ಯಪ್ ತಾನೇ Highlights ಎಂದು ಹಾಕಿಕೊಳ್ಳುತ್ತದೆ. ಅಂಥ ಮೂರು ದುಂಡುಗಳು ಸಾಲಾಗಿ ನಿಂತ ಪ್ರೊಫೈಲುಗಳನ್ನು ಎಲ್ಲರೂ ನೋಡಿರುತ್ತೀರಿ. ಯಾವುದರೊಳಗೆ ಏನಿದೆ ಎಂದು ತಿಳಿಯಲು ಮೂರನ್ನೂ ಒತ್ತಬೇಕು, ಯಾರೂ ಒತ್ತುವುದಿಲ್ಲ.

ಹೆಸರು ಆರಿಸುವಾಗ ಬಹಳಷ್ಟು ಜನ ಚೆಂದದ ಪದ ಹುಡುಕುತ್ತಾರೆ. ಹುಡುಕಬೇಕಾದದ್ದು ಚೆಂದವನ್ನಲ್ಲ, ಗಡಿಯನ್ನು. ಆಲ್ಬಮ್ಮಿನಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹೇಳುವ ಪದ ಹೆಚ್ಚು ಕೆಲಸಕ್ಕೆ ಬರುತ್ತದೆ. ಊಟದ ಆಲ್ಬಮ್ಮಿಗೆ ‘ಅಡುಗೆ’ ಎಂದಿಟ್ಟರೆ ಹೋಟೆಲ್ ಫೋಟೋ ಇದರಲ್ಲಿಲ್ಲ ಎಂದು ನೋಡುವವರಿಗೂ ಗೊತ್ತಾಗುತ್ತದೆ. ಮುಂದಿನ ಸಲ ಸ್ಟೋರಿ ಸೇರಿಸುವಾಗ ನಿಮಗೂ ಗೊಂದಲವಿರುವುದಿಲ್ಲ.

ಮೊದಲು ಜಾಗದ ಲೆಕ್ಕ

ಹೆಸರಿಗೆ ಆ್ಯಪ್ ಕೊಡುವ ಮಿತಿ ಹದಿನೈದು, ಹದಿನಾರು ಅಕ್ಷರಗಳ ಹತ್ತಿರ. ಇಷ್ಟನ್ನೂ ಬರೆಯಬಹುದು ನಿಜ, ಆದರೆ ಪ್ರೊಫೈಲಿನಲ್ಲಿ ಇಷ್ಟೂ ಕಾಣುವುದಿಲ್ಲ. ಇಂಗ್ಲಿಷಿನಲ್ಲಾದರೆ ಸುಮಾರು ಹತ್ತು ಅಕ್ಷರ ಕಂಡು, ಉಳಿದದ್ದು ಮೂರು ಚುಕ್ಕಿಯಾಗುತ್ತದೆ. ಕನ್ನಡದ ಅಕ್ಷರಗಳು ಅಗಲ. ಹಾಗಾಗಿ ನಾಲ್ಕೈದು ಅಕ್ಷರದ ಪದ ನಿರಾಳವಾಗಿ ಕೂರುತ್ತದೆ, ಅದಕ್ಕಿಂತ ಉದ್ದವಾದರೆ ಬಾಲ ಕತ್ತರಿಸಿಹೋಗುವ ಸಂಭವ ಹೆಚ್ಚು. ಫೋನಿನ ಅಕ್ಷರ ಗಾತ್ರವನ್ನು ದೊಡ್ಡದು ಮಾಡಿಕೊಂಡಿರುವ ಹಿರಿಯರ ಪರದೆಯಲ್ಲಿ ಇನ್ನೂ ಬೇಗ ಕತ್ತರಿಸಬಹುದು. ಮನೆಮಂದಿಯ ಆಲ್ಬಮ್ಮನ್ನು ಹೆಚ್ಚು ನೋಡುವವರೂ ಅವರೇ.

ಇನ್ನೊಂದು ತೊಡಕು ಕನ್ನಡದಂಥ ಲಿಪಿಗಳಿಗೆ ಅಂಟಿಕೊಂಡದ್ದು. ನಾವು ಒಂದಕ್ಷರ ಎಂದುಕೊಳ್ಳುವುದು ಫೋನಿಗೆ ಒಂದಲ್ಲ. ‘ಪ್ರವಾಸ’ ನಮಗೆ ಮೂರಕ್ಷರ, ಫೋನಿಗೆ ಆರು ಸಂಕೇತ: ಪ, ಅರ್ಧಾಕ್ಷರ ಮಾಡುವ ಚಿಹ್ನೆ, ರ, ವ, ದೀರ್ಘ, ಸ. ‘ಕುಟುಂಬ’ವೂ ಮೂರಕ್ಷರ, ಅದಕ್ಕೂ ಆರು ಸಂಕೇತ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ‘ಪ್ರವಾಸದ ನೆನಪುಗಳು’ ಎಂದು ಹಾಕಲು ಹೋದರೆ ನಡುವಿನ ಖಾಲಿ ಜಾಗ ಸೇರಿ ಹದಿನಾರು ಆಗುತ್ತದೆ. ಹದಿನೈದಕ್ಕೆ ನಿಲ್ಲುವ ಫೋನಿನಲ್ಲಿ ಕೊನೆಯ ಉಕಾರ ಮಾತ್ರ ಉದುರಿ ‘ಪ್ರವಾಸದ ನೆನಪುಗಳ’ ಎಂದು ಉಳಿಯುತ್ತದೆ. ಕಣ್ಣಿಗೆ ಬೇಗ ಬೀಳದ ತಪ್ಪು ಇದು, ವರ್ಷಗಟ್ಟಲೆ ಹಾಗೇ ಇರುತ್ತದೆ. ‘ಟ್ರಿಪ್‌ಗಳು’ ಎಂಬಂಥ ಪದದಲ್ಲಿ ಪ್ ಮತ್ತು ಗ ಒಂದಕ್ಕೊಂದು ಅಂಟದಂತೆ ತಡೆಯುವ ಕಾಣದ ಸಂಕೇತವೊಂದು ಇರುತ್ತದೆ, ಅದೂ ಒಂದು ಜಾಗ ತಿನ್ನುತ್ತದೆ.

ಎಣಿಸುವ ಸುಲಭದ ದಾರಿ ಇದೆ. ಪದವನ್ನು ನೋಟ್ಸ್‌ನಲ್ಲಿ ಬರೆದು, ಪೂರ್ತಿ ಅಳಿಸಲು ಬ್ಯಾಕ್‌ಸ್ಪೇಸನ್ನು ಎಷ್ಟು ಸಲ ಒತ್ತಬೇಕೆಂದು ನೋಡಿ. ಹೆಚ್ಚಿನ ಕೀಬೋರ್ಡುಗಳಲ್ಲಿ ಒಂದು ಒತ್ತಿಗೆ ಒಂದು ಸಂಕೇತ ಅಳಿಯುತ್ತದೆ. ಎಂಟರೊಳಗೆ ಮುಗಿದರೆ ಆ ಹೆಸರು ಬಹುತೇಕ ಪೂರ್ತಿ ಕಾಣುತ್ತದೆ ಎಂದುಕೊಳ್ಳಬಹುದು.

ಕನ್ನಡ ಲಿಪಿ, ಇಂಗ್ಲಿಷ್ ಪದ, ಇಂಗ್ಲಿಷ್ ಅಕ್ಷರದ ಕನ್ನಡ, ಎಮೋಜಿ

ಈ ನಾಲ್ಕರಲ್ಲಿ ಮೂರನೆಯದು ಎಲ್ಲಕ್ಕಿಂತ ದುರ್ಬಲ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡ ಬಾರದವರಿಗೂ ತಿಳಿಯುತ್ತದೆ ಎಂಬುದು ಭ್ರಮೆ. ಅವರು ಓದಬಲ್ಲರು, ಅರ್ಥವಾಗುವುದಿಲ್ಲ. ಕನ್ನಡ ಬಲ್ಲವರಿಗೆ ಅರ್ಥವಾಗುತ್ತದೆ, ಓದುವಾಗ ಎಡವುತ್ತಾರೆ. Mane ಎಂದು ಬರೆದರೆ ಅದು ಮನೆಯೋ, ಕುದುರೆಯ ಕೇಸರವೋ? Oota, Uta ಎರಡೂ ಚಾಲ್ತಿಯಲ್ಲಿವೆ. Ruchi ಎಂದರೆ ಅಕೌಂಟ್ ನೋಡಿದವರು ನಿಮ್ಮ ತಂಗಿಯ ಹೆಸರೆಂದುಕೊಂಡರೂ ಆಶ್ಚರ್ಯವಿಲ್ಲ. ಈ ದಾರಿ ಒಂದು ಕಡೆ ಮಾತ್ರ ಒಪ್ಪುತ್ತದೆ: ಕನ್ನಡ ಮಾತು ಬಲ್ಲ, ಲಿಪಿ ಓದಲು ಬಾರದ ಬಳಗ ದೊಡ್ಡದಾಗಿದ್ದಾಗ. ಹೊರದೇಶದಲ್ಲಿ ಬೆಳೆದ ಅಕ್ಕ-ಅಣ್ಣಂದಿರ ಮಕ್ಕಳೇ ಹೆಚ್ಚು ನೋಡುವವರಾದರೆ Ajji ಎಂಬ ಹೆಸರು ಅವರಿಗೆ ತಟ್ಟನೆ ಹತ್ತುತ್ತದೆ. ಅಲ್ಲೂ ಚಿಕ್ಕದಾದ, ಒಂದೇ ರೀತಿ ಬರೆಯಲಾಗುವ ಪದವನ್ನೇ ಆರಿಸಿ.

Food, Travel, Family ಎಂಬ ಇಂಗ್ಲಿಷ್ ಪದಗಳು ಎಲ್ಲರಿಗೂ ಅರ್ಥವಾಗುತ್ತವೆ, ಪೂರ್ತಿಯೂ ಕಾಣುತ್ತವೆ. ಅವುಗಳ ತೊಂದರೆ ಬೇರೆ, ಏನನ್ನೂ ಹೊರಗಿಡುವುದಿಲ್ಲ. ಬಿರಿಯಾನಿ, ಬರ್ತ್‌ಡೇ ಕೇಕ್, ಮದುವೆ ಊಟ ಎಲ್ಲವೂ Food ಆಗಿಬಿಡುತ್ತವೆ. ವ್ಯಾಪಾರದ ಪುಟವಾಗಿದ್ದು ಕನ್ನಡೇತರ ಗಿರಾಕಿಗಳು ಹೆಚ್ಚಿದ್ದರೆ ಇಂಗ್ಲಿಷೇ ಸರಿ. ಆಗಲೂ ಎಲ್ಲವನ್ನೂ ಒಳಗೊಳ್ಳುವ ಪದದ ಬದಲು Menu, Orders ಎಂದು ಕೆಲಸ ಹೇಳುವ ಪದವಿರಲಿ.

ಎಮೋಜಿಯನ್ನೇ ಹೆಸರಾಗಿಟ್ಟರೆ ಜಾಗ ಉಳಿಯುತ್ತದೆ, ಮಾಹಿತಿ ಉಳಿಯುವುದಿಲ್ಲ. ಮೇಲಿನ ಕವರ್ ಈಗಾಗಲೇ ಒಂದು ಚಿತ್ರ. ಅದರ ಕೆಳಗೆ ಇನ್ನೊಂದು ಚಿತ್ರ ಹೇಳುವುದೇನೂ ಹೆಚ್ಚಿರುವುದಿಲ್ಲ. ಕೆಂಪು ಹೃದಯದ ಹಿಂದೆ ಸಂಗಾತಿಯೋ, ಅಮ್ಮನೋ, ನಾಯಿಮರಿಯೋ ಎಂದು ಒತ್ತಿದ ಮೇಲಷ್ಟೇ ಗೊತ್ತಾಗಬೇಕು. ಪದದ ಜೊತೆ ಒಂದು ಎಮೋಜಿ ಸೇರಿಸುವುದಾದರೆ ಪದ ಮೊದಲು, ಎಮೋಜಿ ಆಮೇಲೆ. ಕತ್ತರಿಸಿಹೋದರೆ ಹೋಗುವುದು ಎಮೋಜಿ ಆಗಿರಲಿ. ವಾರೆ, ಕೈಬರಹದಂತೆ ಕಾಣುವ ‘ಸ್ಟೈಲ್ ಅಕ್ಷರ’ಗಳನ್ನು ಬೇರೆ ಆ್ಯಪಿನಿಂದ ತಂದು ಅಂಟಿಸುವುದು ಬೇಡವೇ ಬೇಡ. ಅವು ಗಣಿತಕ್ಕೆಂದು ಮಾಡಿದ ಬೇರೆ ಸಂಕೇತಗಳು, ದೃಷ್ಟಿದೋಷವಿದ್ದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಅಲ್ಲಿ ತಡವರಿಸುತ್ತದೆ.

ಉಳಿದದ್ದು ಕನ್ನಡ ಲಿಪಿ. ನೋಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನ್ನಡ ಓದಬಲ್ಲರಾದರೆ ಇದೇ ಮೊದಲ ಆಯ್ಕೆ. ಓದಲಾರದವರಿಗೆ ಕವರ್ ಚಿತ್ರ ನೆರವಾಗುತ್ತದೆ, ದೋಸೆಯ ಚಿತ್ರದ ಕೆಳಗೆ ‘ಹೋಟೆಲ್’ ಎಂದಿದ್ದರೆ ಯಾರಿಗೂ ಅನುವಾದ ಬೇಕಿಲ್ಲ. ಬೆರೆಸುವುದು ಮಾತ್ರ ಬೇಡ. ಸಾಲಿನಲ್ಲಿ ಒಂದು Food, ಪಕ್ಕದಲ್ಲಿ ‘ಸುತ್ತಾಟ’, ಅದರ ಪಕ್ಕ Maneyoru ಎಂದಿದ್ದರೆ ಮೂರು ಜನ ಸೇರಿ ಇಟ್ಟ ಹೆಸರಿನಂತೆ ಕಾಣುತ್ತದೆ.

ಊಟದ ಆಲ್ಬಮ್ಮಿಗೆ

ಇಲ್ಲಿ ಕನ್ನಡದಲ್ಲಿ ಚಿಕ್ಕ ಪದಗಳು ಧಾರಾಳವಾಗಿವೆ, ಒಂದೊಂದಕ್ಕೂ ಅದರದೇ ಗಡಿ ಇದೆ. ‘ಅಡುಗೆ’ ಎಂದರೆ ಮಾಡಿದ್ದು: ಒಗ್ಗರಣೆಯ ವಿಡಿಯೊ, ಅಳತೆ, ಪಾತ್ರೆಯಲ್ಲಿ ಕುದಿಯುತ್ತಿರುವ ಹುಳಿ. ‘ಊಟ’ ಎಂದರೆ ಉಂಡದ್ದು: ತಟ್ಟೆ, ಬಾಳೆ ಎಲೆ, ಪಂಕ್ತಿ. ‘ತಿಂಡಿ’ ಎಂದರೆ ಬೆಳಗಿನ ಇಡ್ಲಿ, ಸಂಜೆಯ ಬೋಂಡ. ಧಾರವಾಡ, ಹುಬ್ಬಳ್ಳಿ ಕಡೆಯವರಿಗೆ ‘ನಾಷ್ಟಾ’ ಹೆಚ್ಚು ಹತ್ತಿರ. ‘ಹೋಟೆಲ್’ ಎಂದರೆ ಹೊರಗೆ ತಿಂದದ್ದು, ದರ್ಶಿನಿಯಿಂದ ಹಿಡಿದು ಖಾನಾವಳಿಯವರೆಗೆ. ‘ರುಚಿ’ ಕೇಳಲು ಚೆಂದ, ಆದರೆ Food ಎಂಬ ಪದದಂತೆ ಏನನ್ನೂ ಹೊರಗಿಡುವುದಿಲ್ಲ.

ಆರಿಸುವುದು ಹೇಗೆಂದರೆ, ಆಲ್ಬಮ್ಮಿನಲ್ಲಿರುವ ಸ್ಟೋರಿಗಳನ್ನು ಒಮ್ಮೆ ತಿರುವಿ ಒಲೆ ಹೆಚ್ಚೋ, ತಟ್ಟೆ ಹೆಚ್ಚೋ, ಹೋಟೆಲ್ ಟೇಬಲ್ ಹೆಚ್ಚೋ ಎಂದು ನೋಡಿ. ಒಲೆಯಾದರೆ ‘ಅಡುಗೆ’, ತಟ್ಟೆಯಾದರೆ ‘ಊಟ’, ಟೇಬಲ್ ಆದರೆ ‘ಹೋಟೆಲ್’. ಮೂರೂ ಸಮವಾಗಿದ್ದರೆ ಹೆಸರಿನ ತಪ್ಪಲ್ಲ, ಆಲ್ಬಮ್ಮನ್ನೇ ಎರಡು ಮಾಡಬೇಕು. ಒಂದು ಹೈಲೈಟಿಗೆ 100 ಸ್ಟೋರಿಗಳ ಮಿತಿ ಇರುವುದರಿಂದ ಹೇಗೂ ಒಂದು ದಿನ ಒಡೆಯಲೇಬೇಕಾಗುತ್ತದೆ. ಆಗ ‘ಊಟ 2’ ಎಂದು ಮಾಡುವುದಕ್ಕಿಂತ ಈಗಲೇ ‘ಅಡುಗೆ’, ‘ಹೋಟೆಲ್’ ಎಂದು ಬೇರೆ ಮಾಡಿದರೆ ಮುಂದೆ ತಲೆನೋವಿಲ್ಲ.

ಎರಡು ಪದ ಬೇಕಾಗುವುದು ಸೇರಿಸಿದ ಪದ ಏನನ್ನಾದರೂ ಹೊರಗಿಡುವಾಗ. ‘ಅಮ್ಮನ ಅಡುಗೆ’ಯಲ್ಲಿ ‘ಅಮ್ಮನ’ ಎಂಬುದು ನಿಜವಾಗಿ ಕೆಲಸ ಮಾಡುತ್ತದೆ. ‘ಜವಾರಿ ಊಟ’ವೂ ಹಾಗೆ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ತಟ್ಟೆ ಎಂದು ಓದಿದೊಡನೆ ಗೊತ್ತಾಗುತ್ತದೆ. ‘ರುಚಿಯಾದ ಊಟ’ದಲ್ಲಿ ಮೊದಲ ಪದ ದಂಡ, ರುಚಿಯಿಲ್ಲದ ಊಟದ ಫೋಟೋ ಯಾರು ಹಾಕುತ್ತಾರೆ?

ಸುತ್ತಾಟದ ಆಲ್ಬಮ್ಮಿಗೆ

‘ಪ್ರವಾಸ’ ಎಲ್ಲರೂ ಮೊದಲು ಬರೆಯುವ ಪದ. ಅದರಲ್ಲಿ ಶಾಲೆಯ ಬಸ್ಸು, ಪ್ರವಾಸೋದ್ಯಮ ಇಲಾಖೆಯ ಬೋರ್ಡು ಎರಡರ ವಾಸನೆಯೂ ಇದೆ. ಯೋಜನೆ ಹಾಕಿ, ಮನೆಯವರೆಲ್ಲ ಸೇರಿ ಹೊರಟ ನಾಲ್ಕು ದಿನಕ್ಕೆ ಒಪ್ಪುತ್ತದೆ. ಗೆಳೆಯರ ಜೊತೆ ಬೈಕ್ ಹತ್ತಿ ನಂದಿ ಬೆಟ್ಟಕ್ಕೆ ಹೋಗಿ ಬಂದದ್ದಕ್ಕೆ ‘ಸುತ್ತಾಟ’ ಚೆನ್ನ. ‘ತಿರುಗಾಟ’ವೂ ಅದೇ ಅರ್ಥ ಕೊಡುತ್ತದೆ, ಆದರೆ ಕರಾವಳಿಯವರು ಅದನ್ನು ಓದಿದರೆ ಯಕ್ಷಗಾನ ಮೇಳದ ತಿರುಗಾಟ ನೆನಪಿಗೆ ಬಂದೀತು. ‘ಯಾತ್ರೆ’ ಎಂದರೆ ದೇವಸ್ಥಾನವೇ: ಧರ್ಮಸ್ಥಳ, ತಿರುಪತಿ, ಕಾಶಿ. ಗೋವಾ ಫೋಟೋಗಳಿಗೆ ಆ ಹೆಸರಿಟ್ಟರೆ ತಮಾಷೆಯಾಗುತ್ತದೆ, ತಮಾಷೆಯೇ ಬೇಕಿದ್ದರೆ ಬೇರೆ ಮಾತು. ‘ಚಾರಣ’ ಕುಮಾರ ಪರ್ವತ, ಕೊಡಚಾದ್ರಿಯಂಥ ಹತ್ತುವಿಕೆಗೆ ಮಾತ್ರ. ‘ಪಯಣ’ ಕವನ ಸಂಕಲನದ ಹೆಸರಿನಂತಿದೆ, ಬಿಟ್ಟರೆ ನಷ್ಟವಿಲ್ಲ.

‘ಊರು’ ಎಂಬ ಎರಡಕ್ಷರದ ಪದ ಸುತ್ತಾಟಕ್ಕೆ ಸೇರಿದ್ದಲ್ಲ. ‘ಊರಿಗೆ ಹೋಗಿದ್ದೆ’ ಎಂದರೆ ಸ್ವಂತ ಊರಿಗೆ ಎಂದೇ ಎಲ್ಲರೂ ತಿಳಿಯುತ್ತಾರೆ. ಹಬ್ಬ, ಜಾತ್ರೆ, ಅಜ್ಜಿಯ ಮನೆಯ ಅಂಗಳ ಇರುವ ಆಲ್ಬಮ್ಮಿಗೆ ಇದಕ್ಕಿಂತ ಚಿಕ್ಕ, ನಿಖರ ಹೆಸರಿಲ್ಲ.

ಇನ್ನೊಂದು ದಾರಿ ಸ್ಥಳದ ಹೆಸರನ್ನೇ ಇಡುವುದು: ‘ಹಂಪಿ’, ‘ಕೊಡಗು’, ‘ಗೋಕರ್ಣ’. ಒಂದೇ ಸ್ಥಳದ ಸ್ಟೋರಿ ಹದಿನೈದಿಪ್ಪತ್ತು ಇದ್ದರೆ ಇದು ‘ಸುತ್ತಾಟ’ಕ್ಕಿಂತ ಮೇಲು. ಆ ಜಾಗಕ್ಕೆ ಹೋಗಬೇಕೆಂದಿರುವವರು ನೇರವಾಗಿ ಒತ್ತುತ್ತಾರೆ. ಮೂರು ಫೋಟೋಗೆ ಒಂದು ದುಂಡು ಮಾಡಿದರೆ ಸಾಲು ಉದ್ದವಾಗುತ್ತದೆ ಅಷ್ಟೆ. ಪರದೆಯಲ್ಲಿ ಒಮ್ಮೆಗೆ ಕಾಣುವುದು ನಾಲ್ಕೈದು ದುಂಡು, ಉಳಿದವಕ್ಕೆ ಬೆರಳಿನಿಂದ ಸರಿಸಬೇಕು.

ಸಂಖ್ಯೆ ಹಾಕುವವರು ಒಂದನ್ನು ಗಮನಿಸಬೇಕು. ಯಾವ ಹೈಲೈಟಿಗೆ ಕೊನೆಗೆ ಸ್ಟೋರಿ ಸೇರಿಸಿದಿರೋ ಅದು ಸಾಲಿನ ಎಡತುದಿಗೆ ಬಂದು ನಿಲ್ಲುತ್ತದೆ. ಹಾಗಾಗಿ ‘ಹಂಪಿ 1’, ‘ಹಂಪಿ 2’ ಎಂಬ ಕ್ರಮ ಉಳಿಯುವುದಿಲ್ಲ. ಎರಡನೆಯದನ್ನು ಆಮೇಲೆ ಮಾಡಿದ್ದರಿಂದ ಅದೇ ಮೊದಲು ಬರುತ್ತದೆ, ನಡುವೆ ಬೇರೆ ಆಲ್ಬಮ್ ನುಗ್ಗಲೂಬಹುದು. ಹೆಸರು ಒಂಟಿಯಾಗಿ ನಿಂತರೂ ಅರ್ಥವಾಗುವಂತಿರಬೇಕು. ವರ್ಷ ಬೇಕೆಂದರೆ ‘ಸುತ್ತಾಟ 24’ ಸಾಕು. ಸ್ಥಳ ಮತ್ತು ಸಾಮಾನ್ಯ ಪದ ಎರಡನ್ನೂ ಇಡುವಾಗ ಸ್ಥಳ ಮೊದಲು ಬರಲಿ. ‘ಕೊಡಗು ಪ್ರವಾಸ’ದ ಬಾಲ ಹೋದರೂ ಕೊಡಗು ಉಳಿಯುತ್ತದೆ, ‘ಪ್ರವಾಸ ಕೊಡಗು’ ಎಂದಿಟ್ಟರೆ ಬೇಕಾದದ್ದೇ ಹೋಗುತ್ತದೆ.

ಮನೆಮಂದಿಯ ಆಲ್ಬಮ್ಮಿಗೆ

ಮೂರರಲ್ಲಿ ಎಡವುವುದು ಹೆಚ್ಚು ಇಲ್ಲೇ. ‘ಮನೆಯವರು’ ಎಂದಿಟ್ಟರೆ ಮದುವೆಯಾದ ಹೆಂಗಸಿನ ಪ್ರೊಫೈಲಿನಲ್ಲಿ ಅದು ಗಂಡ ಎಂದಾಗುತ್ತದೆ, ‘ನಮ್ಮ ಮನೆಯವರು ಆಫೀಸಿಗೆ ಹೋಗಿದ್ದಾರೆ’ ಎನ್ನುವುದಿಲ್ಲವೇ, ಹಾಗೆ. ‘ಸಂಸಾರ’ ಎಂದರೆ ಗಂಡ, ಹೆಂಡತಿ, ಮಕ್ಕಳು. ಮದುವೆಯಾಗದವರು ಅಪ್ಪ-ಅಮ್ಮನ ಫೋಟೋಗಳಿಗೆ ಆ ಹೆಸರಿಟ್ಟರೆ ಚಿಕ್ಕಮ್ಮನಿಂದ ಫೋನ್ ಬರುತ್ತದೆ. ‘ಕುಟುಂಬ’ ತಪ್ಪಿಲ್ಲದ ಪದ, ರೇಷನ್ ಕಾರ್ಡಿನಷ್ಟೇ ಗಂಭೀರ. ‘ಮನೆಮಂದಿ’ ಒಂದೇ ಸೂರಿನಡಿ ಇರುವವರನ್ನು ಹೇಳುತ್ತದೆ, ಏಳು ಸಂಕೇತದಲ್ಲಿ ಮುಗಿಯುತ್ತದೆ. ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳೆಲ್ಲ ಸೇರಿದ ಫೋಟೋಗಳಿಗೆ ‘ಬಳಗ’. ಗೆಳೆಯರೂ ಬೆರೆತಿದ್ದರೆ ‘ನಮ್ಮೋರು’, ಉತ್ತರ ಕರ್ನಾಟಕದವರಾದರೆ ‘ನಮ್ಮಂದಿ’. ಮದುವೆಯಾಗಿ ಬೇರೆ ಊರಲ್ಲಿರುವ ಹೆಣ್ಣುಮಗಳಿಗೆ ‘ತವರು’ ಎಂಬ ಹೆಸರು ಜನರನ್ನೂ ಜಾಗವನ್ನೂ ಒಟ್ಟಿಗೆ ಹೇಳುತ್ತದೆ.

ಮಗುವಿನ ಆಲ್ಬಮ್ಮಿಗೆ ಮಗುವಿನ ಪೂರ್ತಿ ಹೆಸರು ಬೇಡ, ಮುಖ್ಯವಾಗಿ ಖಾತೆ ಪಬ್ಲಿಕ್ ಆಗಿದ್ದರೆ. ಹೆಸರು ಶೀರ್ಷಿಕೆಯಲ್ಲಿ, ಹುಟ್ಟಿದ ದಿನ ಕೇಕ್ ಮೇಲೆ, ಶಾಲೆ ಯೂನಿಫಾರ್ಮಿನ ಬ್ಯಾಡ್ಜಿನಲ್ಲಿ, ಮೂರೂ ಸೇರಿದರೆ ಅಪರಿಚಿತರಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಿಕ್ಕಿತು. ‘ಪಾಪು’, ‘ಪುಟ್ಟ’, ‘ಕೂಸು’ ಇವುಗಳಲ್ಲಿ ಮನೆಯಲ್ಲಿ ಕರೆಯುವುದನ್ನೇ ಇಡಬಹುದು.

ಒಂದು ಸಾಲನ್ನು ತಿದ್ದಿ ನೋಡೋಣ

ಹುಬ್ಬಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡುವವರ ಖಾತೆಯೊಂದನ್ನು ಊಹಿಸಿಕೊಳ್ಳಿ. ನೋಡುವವರು ಬಂಧುಗಳು, ಕಾಲೇಜು ಗೆಳೆಯರು, ಕನ್ನಡ ಬಾರದ ಕೆಲವು ಸಹೋದ್ಯೋಗಿಗಳು. ಸಾಲಿನಲ್ಲಿರುವುದು: Food, ‘ಪ್ರವಾಸದ ನೆನಪುಗಳ’, Hampi 2, Hampi 1, Family, ಒಂದು ಕೆಂಪು ಹೃದಯ, ಹೆಸರಿಲ್ಲದ Highlights.

Food ತೆರೆದರೆ ಅರ್ಧ ಅವ್ವ ಬಡಿದ ಜೋಳದ ರೊಟ್ಟಿ, ಅರ್ಧ ಬೆಂಗಳೂರಿನ ದರ್ಶಿನಿಗಳ ದೋಸೆ. ಎರಡಾಗಿ ಒಡೆದು ‘ಅವ್ವನ ಅಡುಗೆ’, ‘ಹೋಟೆಲ್’ ಎಂದರೆ ಸರಿ. ಮೊದಲನೆಯದು ಹನ್ನೊಂದು ಸಂಕೇತ, ತುದಿ ಕತ್ತರಿಸಿದರೂ ‘ಅವ್ವನ’ ಉಳಿಯುತ್ತದೆ. ರೊಟ್ಟಿಯ ಕವರ್ ಮೇಲಿದ್ದರೆ ಉಳಿದದ್ದನ್ನು ಅದೇ ಹೇಳುತ್ತದೆ. ‘ಪ್ರವಾಸದ ನೆನಪುಗಳ’ ಎಂಬುದರೊಳಗೆ ಐದಾರು ಜಾಗಗಳ ಚೂರುಚೂರು ಫೋಟೋಗಳಿವೆ, ಅದಕ್ಕೆ ‘ಸುತ್ತಾಟ’ ಸಾಕು. ಹಂಪಿಯ ಎರಡರಲ್ಲಿ ಒಂದು ದೇವಸ್ಥಾನ, ಬಜಾರುಗಳದ್ದು, ಇನ್ನೊಂದು ತುಂಗಭದ್ರೆ ದಾಟಿ ಆಚೆ ದಡಕ್ಕೆ ಹೋದದ್ದು. ‘ಹಂಪಿ’, ‘ಆನೆಗೊಂದಿ’ ಎಂದರೆ ಸಂಖ್ಯೆಯ ಹಂಗಿಲ್ಲ, ಯಾವುದು ಮೊದಲು ಬಂದರೂ ತೊಂದರೆಯಿಲ್ಲ. Family ಪೂರ್ತಿ ದೀಪಾವಳಿಗೆ ಊರಿಗೆ ಹೋದಾಗಿನದು, ಅದು ‘ಊರು’. ಕೆಂಪು ಹೃದಯದೊಳಗೆ ಅಕ್ಕನ ಮಗು, ಅದು ‘ಕೂಸು’. Highlights ಎಂದು ಉಳಿದದ್ದು ಮದುವೆಯ ಫೋಟೋಗಳು. ಬರೀ ‘ಮದುವೆ’ ಎಂದಿಟ್ಟರೆ ಸಹೋದ್ಯೋಗಿಗಳು ಶುಭಾಶಯ ಕಳಿಸಲು ಶುರುಮಾಡುತ್ತಾರೆ, ಆದ್ದರಿಂದ ‘ಅಕ್ಕನ ಮದುವೆ’.

ಹೆಸರು ಬದಲಿಸಲು ಆಲ್ಬಮ್ಮನ್ನು ಅಳಿಸಿ ಮತ್ತೆ ಮಾಡಬೇಕಿಲ್ಲ. ಪ್ರೊಫೈಲಿನಲ್ಲಿ ಆ ದುಂಡನ್ನು ಒತ್ತಿ ಹಿಡಿದರೆ Edit Highlight ಬರುತ್ತದೆ, ಅಲ್ಲಿ ಹೆಸರು ತಿದ್ದಿ Done ಒತ್ತಿದರೆ ಆಯಿತು. ಒಡೆಯುವುದಾದರೆ ಹೊಸದನ್ನು ಮೊದಲು ಮಾಡಿ. ಹಳೆಯ ಸ್ಟೋರಿಗಳು ಆರ್ಕೈವ್‌ನಲ್ಲಿ ಸಿಗುತ್ತವೆ, ಆರ್ಕೈವ್‌ಗೆ ಉಳಿಸುವ ಸೆಟ್ಟಿಂಗ್ ಆನ್ ಇದ್ದರೆ ಮಾತ್ರ. ಹೊಸ ಆಲ್ಬಮ್ಮಿಗೆ ಸೇರಿಸಿ ಆದ ಮೇಲೆ ಹಳೆಯದರಲ್ಲಿ ಟಿಕ್ ತೆಗೆಯಿರಿ.

ಬರೆಯುವಾಗ ಒಂದು ತಪ್ಪು ನುಸುಳದಂತೆ ನೋಡಿಕೊಳ್ಳಿ. ಕನ್ನಡದ ಅನುಸ್ವಾರ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಒಂದೇ, ಫೋನಿಗೆ ಬೇರೆಬೇರೆ. ಅಂಕಿಯನ್ನು ಒತ್ತಿ ‘ತಿ೦ಡಿ’ ಎಂದು ಬರೆದವರು ಬೇಕಾದಷ್ಟಿದ್ದಾರೆ. ಕೆಲವು ಫೋನುಗಳಲ್ಲಿ ಅದು ಅಕ್ಷರಗಳ ನಡುವೆ ಬಿಡಿಯಾಗಿ ನಿಲ್ಲುತ್ತದೆ, ಪರದೆ ಓದುವ ತಂತ್ರಾಂಶಕ್ಕಂತೂ ಅದು ಪದವೇ ಅಲ್ಲ. ಅನುಮಾನವಿದ್ದರೆ ಆ ಹೆಸರನ್ನು ಫೋನಿನ ಕಾಂಟ್ಯಾಕ್ಟ್ಸ್‌ನಲ್ಲೋ ನೋಟ್ಸ್‌ನಲ್ಲೋ ಅಂಟಿಸಿ, ಸರಿಯಾದ ‘ತಿಂಡಿ’ ಎಂಬ ಪದವನ್ನು ಕೀಬೋರ್ಡಿನ ಸಲಹೆಯಿಂದ ಆರಿಸಿ ಅಲ್ಲೇ ಹುಡುಕಿ ನೋಡಿ, ಎರಡೂ ಒಂದೇ ಆಗಿದ್ದರೆ ಸಿಗುತ್ತದೆ, ಅಂಕಿ ನುಸುಳಿದ್ದರೆ ಸಿಗುವುದಿಲ್ಲ.